ಫೀಡು ಇಳಿಸಿದಷ್ಟೂ ನಯವೇ?

ಲೇತ್ ಮೇಲೆ ಬಿಟ್ಟ ಕೆಲಸಕ್ಕೆ ಫಿನಿಶ್ ಸಾಲದು ಎಂದರೆ ಬರುವ ಮೊದಲ ಸಲಹೆ ಒಂದೇ: ಫೀಡು ಇಳಿಸು. ಸಾಮಾನ್ಯವಾಗಿ ಅದು ಫಲ ಕೊಡುತ್ತದೆ. ಇನ್ನೂ ಇಳಿಸು, ಇನ್ನೂ ನಯ. ಆದರೆ ಒಂದು ಹಂತ ದಾಟಿದ ಮೇಲೆ ಇಳಿಸಿದಷ್ಟೂ ಒರಟು ಏರುತ್ತದೆ. ಹೊಸ ಟೂಲ್, ಗಟ್ಟಿ ಯಂತ್ರ, ನುರಿತ ಕೈ ಎಲ್ಲ ಇದ್ದೂ ಹೀಗಾಗುತ್ತದೆ. ಇದು ಕೆಲಸಗಾರನ ತಪ್ಪಲ್ಲ. ನಾವು ನೆಚ್ಚಿಕೊಂಡ ಸೂತ್ರ ಅರ್ಧ ಕಥೆಯನ್ನಷ್ಟೇ ಹೇಳಿತ್ತು. ಮಿಕ್ಕ ಅರ್ಧ ಗೊತ್ತಿಲ್ಲದ ವಿಷಯವೇನಲ್ಲ. 1950ರ ದಶಕದಲ್ಲಿ ಒಬ್ಬ ಸೋವಿಯತ್ ಟರ್ನರ್ ಅದರ ಒಂದು ತುದಿಯನ್ನು ತೋರಿಸಿದ, 1961ರಲ್ಲಿ ಒಬ್ಬ ಜರ್ಮನ್ ಸಂಶೋಧಕ ಇನ್ನೊಂದು ತುದಿಯನ್ನು. ಪರೀಕ್ಷೆಗೆ ಓದುವವರ ನೆನಪಿನಲ್ಲಿ ಉಳಿದದ್ದು ಮಾತ್ರ ನಡುವಿನ ತುಂಡು.

ಆ ತುಂಡನ್ನು ಮೊದಲು ಸರಿಯಾಗಿ ನೋಡೋಣ. ಟೂಲಿನ ತುದಿ ಸೂಜಿಯಂತೆ ಚೂಪಲ್ಲ, ಅಲ್ಲೊಂದು ಸಣ್ಣ ದುಂಡು ಮೂಗಿದೆ. ಇನ್ಸರ್ಟಿನ ಡಬ್ಬಿಯ ಮೇಲೆ CNMG 120408 ಎಂದಿದ್ದರೆ ಕೊನೆಯ 08 ಎಂಬುದೇ ಆ ಮೂಗಿನ ತ್ರಿಜ್ಯ, 0.8 ಮಿಲಿಮೀಟರ್. ಸರಳು ಒಂದು ಸುತ್ತು ತಿರುಗುವಷ್ಟರಲ್ಲಿ ಟೂಲ್ ಮುಂದೆ ಸರಿಯುವ ದೂರ ಫೀಡು. ಹಾಗಾಗಿ ಟರ್ನಿಂಗ್ ಆದ ಮೈ ಎಂದರೆ ಉತ್ತ ಹೊಲದಂತೆ ಸಾಲು ಸಾಲು ತಗ್ಗು, ಎರಡು ತಗ್ಗುಗಳ ನಡುವೆ ಒಂದು ಏಣು. ಪ್ರತಿ ತಗ್ಗೂ ಮೂಗಿನ ವೃತ್ತದ ಒಂದು ಚಾಪ, ಫೀಡು ಅದರ ಜ್ಯಾ, ತಗ್ಗಿನ ಆಳ ಅದರ ಶರ. ಅರ್ಧ ಜ್ಯಾದ ವರ್ಗ ವ್ಯಾಸವನ್ನು ತುಂಡರಿಸಿದ ಎರಡು ಶರಗಳ ಗುಣಲಬ್ಧಕ್ಕೆ ಸಮ ಎಂಬುದು ಆರ್ಯಭಟೀಯದ ಗಣಿತಪಾದದಲ್ಲೇ ಇದೆ. ಸಣ್ಣ ಶರ ತೀರಾ ಚಿಕ್ಕದಾದ್ದರಿಂದ ದೊಡ್ಡದನ್ನು ಇಡೀ ವ್ಯಾಸವೆಂದೇ ಹಿಡಿದರೆ, ಏಣಿನ ಎತ್ತರ Rt = f²/(8r) ಎಂದು ಬರುತ್ತದೆ. ನಕ್ಷೆಗಳಲ್ಲಿ ಕೇಳುವ ಸರಾಸರಿ ಒರಟು Ra ಇದರ ಸುಮಾರು ಕಾಲು ಭಾಗ, ಎಂದರೆ f²/(32r). 0.8ರ ಮೂಗಿನಲ್ಲಿ 0.2 ಮಿಲಿಮೀಟರ್ ಫೀಡು ಕೊಟ್ಟರೆ ಏಣು 6.25 ಮೈಕ್ರಾನ್, Ra ಸುಮಾರು 1.6. ಫೀಡನ್ನು ಅರ್ಧ ಮಾಡಿದರೆ ಒರಟು ಕಾಲು ಭಾಗಕ್ಕೆ ಇಳಿಯುತ್ತದೆ.

ಜ್ಯಾಮಿತಿ ಇಷ್ಟು ಹಳೆಯದಾದರೂ ಇದನ್ನು ಮೈಕ್ರಾನ್‌ಗಳಲ್ಲಿ ಪರೀಕ್ಷಿಸಿ ನೋಡುವ ಅವಕಾಶ ಬಂದದ್ದು ಬಹಳ ತಡವಾಗಿ. ಉಗುರು ಆಡಿಸಿ, ಬೆಳಕಿಗೆ ಹಿಡಿದು ಫಿನಿಶ್ ಹೇಳುತ್ತಿದ್ದ ಕಾಲದಲ್ಲಿ ಸೂತ್ರ ಸರಿಯೋ ತಪ್ಪೋ ಎಂದು ಕೇಳುವುದಕ್ಕೇ ಅರ್ಥವಿರಲಿಲ್ಲ. ಅಮೆರಿಕದಲ್ಲಿ ಅಬಟ್ 1930ರ ದಶಕದಲ್ಲಿ ಪ್ರೊಫೈಲೋಮೀಟರ್ ತಂದರು. ಜರ್ಮನಿಯಲ್ಲಿ ಶ್ಮಾಲ್ಟ್ಸ್ 1936ರಲ್ಲಿ ಲೋಹದ ಮೇಲ್ಮೈ ಕುರಿತೇ ಒಂದು ದೊಡ್ಡ ಗ್ರಂಥ ಬರೆದರು. 1940ರ ದಶಕದಲ್ಲಿ ಇಂಗ್ಲೆಂಡಿನಿಂದ ಟ್ಯಾಲಿಸರ್ಫ್ ಬಂತು. ವಜ್ರದ ಮೊನೆ ಮೈಮೇಲೆ ಹರಿದು, ಏರಿಳಿತ ಕಾಗದದ ಮೇಲೆ ಗೀಟಾಗಿ ಮೂಡಿದ ಮೇಲಷ್ಟೇ ಲೆಕ್ಕವನ್ನೂ ಲೋಹವನ್ನೂ ಅಕ್ಕಪಕ್ಕ ಇಟ್ಟು ನೋಡಲು ಸಾಧ್ಯವಾಯಿತು.

ಸೂತ್ರದಲ್ಲಿ ಸದ್ದಿಲ್ಲದೆ ಒಂದು ಷರತ್ತು ಅಡಗಿದೆ: ಏಣಿನ ಎರಡು ಮಗ್ಗುಲನ್ನೂ ದುಂಡು ಮೂಗೇ ಕಡೆದಿರಬೇಕು. ಫೀಡು ದೊಡ್ಡದಾದಂತೆ ಮೂಗಿನ ಹಿಂದಿರುವ ನೇರ ಅಂಚೂ ಕೆಲಸಕ್ಕೆ ಇಳಿಯುತ್ತದೆ. ನಮ್ಮ CNMG ಇನ್ಸರ್ಟನ್ನು ಸಾಮಾನ್ಯ 95 ಡಿಗ್ರಿ ಹೋಲ್ಡರಿನಲ್ಲಿ ಕೂರಿಸಿದರೆ ಹಿಂದಿನ ಅಂಚು ಕೆಲಸದ ಮೈಗೆ ಬರೀ 5 ಡಿಗ್ರಿ ಓರೆಯಾಗಿರುತ್ತದೆ. 0.8ರ ಮೂಗಿಗೆ ಫೀಡು ಸುಮಾರು 0.14 ದಾಟುತ್ತಿದ್ದಂತೆ ಆ ಅಂಚು ಏಣಿನ ಒಂದು ಮಗ್ಗುಲನ್ನು ಸವರಲು ಶುರುಮಾಡುತ್ತದೆ. 0.2ರಲ್ಲಿ ವ್ಯತ್ಯಾಸ ಲೆಕ್ಕಕ್ಕಿಲ್ಲ. 0.4ಕ್ಕೆ ಹೋದರೆ ಸೂತ್ರ 25 ಮೈಕ್ರಾನ್ ಎನ್ನುತ್ತದೆ, ಅಂಚನ್ನೂ ಸೇರಿಸಿದ ಪೂರ್ಣ ಜ್ಯಾಮಿತಿ ಸುಮಾರು 17 ಎನ್ನುತ್ತದೆ. ಹಾಗಾದರೆ ಆ 5 ಡಿಗ್ರಿಯನ್ನು ಸೊನ್ನೆಗೇ ತಂದುಬಿಟ್ಟರೆ?

ಹಾಗೆ ಮಾಡಿದವನು ವೋಲ್ಗಾ ದಂಡೆಯ ಕುಯಿಬಿಶೆವ್‌ನ, ಎಂದರೆ ಇಂದಿನ ಸಮಾರಾದ, ಮೆಷಿನ್ ಟೂಲ್ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದ ಕೋಲೆಸೊವ್. ಕಾರ್ಬೈಡ್ ಟೂಲ್ ಕೈಗೆ ಸಿಕ್ಕ ಮೇಲೆ ಸೋವಿಯತ್ ಕಾರ್ಖಾನೆಗಳಲ್ಲಿ ಎಲ್ಲರ ಗಮನವೂ ವೇಗದ ಮೇಲಿತ್ತು, ಯಾರ ಚಕ್ ಎಷ್ಟು ಜೋರಾಗಿ ತಿರುಗುತ್ತದೆ ಎಂಬ ಮೇಲಾಟ. ಕೋಲೆಸೊವ್ ನೋಡಿದ್ದು ಫೀಡಿನ ಕಡೆಗೆ. ಟರ್ನಿಂಗಿಗೆ ಹಿಡಿಯುವ ಹೊತ್ತು ವೇಗಕ್ಕೂ ಫೀಡಿಗೂ ಒಂದೇ ರೀತಿ ಬಗ್ಗುತ್ತದೆ. 50 ಮಿಲಿಮೀಟರ್ ವ್ಯಾಸದ, 300 ಮಿಲಿಮೀಟರ್ ಉದ್ದದ ಶಾಫ್ಟನ್ನು ನಿಮಿಷಕ್ಕೆ 100 ಮೀಟರ್ ವೇಗದಲ್ಲಿ, 0.2 ಫೀಡಿನಲ್ಲಿ ಎಳೆದರೆ ಎರಡು ನಿಮಿಷ ಇಪ್ಪತ್ತು ಸೆಕೆಂಡು ಬೇಕು. ಅದೇ ವೇಗದಲ್ಲಿ ಫೀಡು 2 ಮಿಲಿಮೀಟರ್ ಆದರೆ ಹದಿನಾಲ್ಕು ಸೆಕೆಂಡು ಸಾಕು. ಸೂತ್ರದ ಪ್ರಕಾರ ಇದು ಹುಚ್ಚಾಟ: ಮೂಗು 2 ಮಿಲಿಮೀಟರಿನಷ್ಟು ದಪ್ಪವಿದ್ದರೂ ಏಣು ಕಾಲು ಮಿಲಿಮೀಟರ್ ಆಗುತ್ತದೆ, ಅದು ಫಿನಿಶ್ ಅಲ್ಲ, ಥ್ರೆಡ್. ಕೋಲೆಸೊವ್ ಟೂಲಿನ ಮುಖ್ಯ ಅಂಚನ್ನು 45 ಡಿಗ್ರಿಗೆ ಇಟ್ಟು, ಅದರ ಹಿಂದೆ ಕೆಲಸದ ಅಕ್ಷಕ್ಕೆ ಸರಿಸಮಾನಾಂತರವಾಗಿ ಒಂದು ಚಪ್ಪಟೆ ಅಂಚು ಉಜ್ಜಿದ, ಉದ್ದದಲ್ಲಿ ಫೀಡಿಗಿಂತ ತುಸು ಹೆಚ್ಚು. ಮುಂದಿನ ಅಂಚು ಲೋಹ ತೆಗೆಯುತ್ತದೆ, ಹಿಂದಿನದು ಅದು ಬಿಟ್ಟ ಏಣನ್ನು ಅದೇ ಸುತ್ತಿನಲ್ಲಿ ಬೋಳಿಸುತ್ತದೆ. ಕಾಗದದ ಮೇಲೆ ಏಣಿನ ಎತ್ತರ ಸೊನ್ನೆ.

ಕಾಗದದ ಮೇಲೆ ಎಂದದ್ದು ಬೇಕೆಂದೇ. ಆ ಚಪ್ಪಟೆ ಅಂಚು ಅರ್ಧ ಡಿಗ್ರಿ ಓರೆಯಾದರೆ 2 ಮಿಲಿಮೀಟರ್ ಫೀಡಿಗೆ 17 ಮೈಕ್ರಾನ್ ಮೆಟ್ಟಿಲು ಮೂಡುತ್ತದೆ. ಟೂಲನ್ನು ಉಜ್ಜುವಾಗ, ಕಟ್ಟುವಾಗ ಕೈ ಅಷ್ಟು ಬಿಗಿಯಾಗಿರಬೇಕು. ಅಗಲದ ಅಂಚು ಕೆಲಸವನ್ನು ಜೋರಾಗಿ ಆಚೆ ದೂಡುತ್ತದೆ, ತೆಳ್ಳನೆ ಶಾಫ್ಟು ಬಾಗುತ್ತದೆ, ಇಲ್ಲವೇ ಯಂತ್ರ ನಡುಗಿ ಮೈಮೇಲೆ ಅಲೆ ಬರೆಯುತ್ತದೆ. 45 ಡಿಗ್ರಿ ಅಂಚಿನಿಂದ ಚೌಕ ಭುಜದವರೆಗೆ ಕಡೆಯಲೂ ಆಗದು. ಈ ಕೊರತೆಗಳ ಕಾರಣಕ್ಕೆ ಕೋಲೆಸೊವ್‌ನ ಟೂಲು ಎಲ್ಲ ಕೆಲಸಕ್ಕೂ ಹೊಂದಲಿಲ್ಲ ಎಂಬುದನ್ನು ಒಪ್ಪಲೇಬೇಕು. ಆದರೆ ಇಂದು ವೈಪರ್ ಇನ್ಸರ್ಟ್ ಎಂದು ಮಾರುವ ಸರಕಿನ ಒಳಗಿರುವುದು ಅದೇ ವಿಚಾರ. ನೇರ ಅಂಚಿನ ಬದಲು ಬಹಳ ದೊಡ್ಡ ತ್ರಿಜ್ಯದ ಅಂಚು ಕೊಟ್ಟಿದ್ದಾರೆ, ಅದರಿಂದ ಸಣ್ಣ ಓರೆಯನ್ನು ಅದು ಕ್ಷಮಿಸುತ್ತದೆ. ಅದೇ ಫೀಡಿಗೆ ಅರ್ಧ ಒರಟು ಅಥವಾ ಅದೇ ಒರಟಿಗೆ ದುಪ್ಪಟ್ಟು ಫೀಡು ಎಂದು ಕ್ಯಾಟಲಾಗುಗಳು ಸಾರುತ್ತವೆ. ಉದ್ದಕ್ಕೆ ನೇರ ಟರ್ನಿಂಗಿಗೂ ಮುಖದ ಫೇಸಿಂಗಿಗೂ ಆ ಮಾತು ಸಲ್ಲುತ್ತದೆ, ಟೇಪರಿನಲ್ಲಿ ವೈಪರ್ ಅಂಚು ಮೈಗೆ ಸಮಾನಾಂತರವಾಗಿ ಕೂರದೆ ಲಾಭ ಸೋರಿಹೋಗುತ್ತದೆ. ನನ್ನ ಕಿರಿಕಿರಿ ವೈಪರಿನ ಮೇಲಲ್ಲ. ರಷ್ಯನ್ ಪುಸ್ತಕಗಳಲ್ಲಿ ಇವತ್ತಿಗೂ ಕೋಲೆಸೊವ್ ಟೂಲ್ ಎಂದೇ ಕರೆಸಿಕೊಳ್ಳುವುದು, ಇಂಗ್ಲಿಷ್ ದಾರಿಯಲ್ಲಿ ಬಂದ ನಮ್ಮ ಕಲಿಕೆಯಲ್ಲಿ ಹೆಸರಿಲ್ಲದ ಹೊಸ ಆವಿಷ್ಕಾರವಾಗಿಬಿಟ್ಟಿತಲ್ಲ ಎಂಬುದರ ಮೇಲೆ.

ಇನ್ನು ಸಣ್ಣ ಫೀಡಿನ ತುದಿ. ಫೀಡನ್ನು ಸೊನ್ನೆಯ ಕಡೆಗೆ ಒಯ್ದರೆ ಒರಟೂ ಸೊನ್ನೆಯಾಗುತ್ತದೆ ಎಂದು ಸೂತ್ರ ಭರವಸೆ ಕೊಡುತ್ತದೆ. ಫೈನ್ ಟರ್ನಿಂಗಿನ ಅಳತೆಗಳು ಇದಕ್ಕೆ ಬಗ್ಗಲಿಲ್ಲ. ಏಕೆಂದು 1961ರಲ್ಲಿ ಬಿಡಿಸಿ ಹೇಳಿದವರು ಬ್ರಾಮರ್ಟ್ಸ್. ದುಂಡು ಮೂಗು ತೆಗೆಯುವ ಚಿಪ್ ಎಲ್ಲ ಕಡೆ ಒಂದೇ ದಪ್ಪವಿರುವುದಿಲ್ಲ. ಅದು ಅರ್ಧಚಂದ್ರದ ಹಾಗೆ, ಒಂದು ಕೊನೆಯಲ್ಲಿ ತೆಳುವಾಗುತ್ತ ಹೋಗಿ ಸೊನ್ನೆಯಾಗುತ್ತದೆ. ಆ ತೆಳು ಕೊನೆ ಇರುವುದು ನಾಳಿನ ಮೈ ಆಗಬೇಕಾದ ಜಾಗದಲ್ಲೇ. ಎಷ್ಟೇ ಹರಿತ ಮಾಡಿದರೂ ಟೂಲಿನ ಅಂಚಿಗೆ ತನ್ನದೇ ಒಂದು ಸೂಕ್ಷ್ಮ ದುಂಡು ಇರುತ್ತದೆ. ಚಿಪ್ ಒಂದು ಮಿತಿಗಿಂತ ತೆಳುವಾದಾಗ ಅಂಚು ಲೋಹವನ್ನು ಸೀಳುವುದಿಲ್ಲ, ಅದರ ಮೇಲೆ ಜಾರುತ್ತದೆ. ಮೊಂಡ ಚಾಕು ಮಾಗಿದ ಟೊಮೆಟೊದ ಸಿಪ್ಪೆಯ ಮೇಲೆ ಜಾರುವುದು ಹೀಗೆಯೇ. ಕತ್ತರಿಸದೆ ಉಳಿದ ಲೋಹ ಅದುಮಿಸಿಕೊಂಡು, ಸ್ವಲ್ಪ ಚಿಮ್ಮಿ ಎದ್ದು, ಸ್ವಲ್ಪ ಬದಿಗೆ ಸರಿದು, ಏಣಿನ ನೆತ್ತಿಗೆ ಒಂದು ತ್ರಿಕೋನದ ಗುಬುಟಾಗಿ ಕೂರುತ್ತದೆ. ಕತ್ತರಿಸಬಲ್ಲ ಕನಿಷ್ಠ ದಪ್ಪವನ್ನು h ಎಂದರೆ ಬ್ರಾಮರ್ಟ್ಸ್ ಲೆಕ್ಕ ಹೀಗಾಗುತ್ತದೆ:

Rt = f²/(8r) + (h/2)(1 + r·h/f²)

ಮೊದಲ ಪದ ಫೀಡಿನ ಜೊತೆ ಇಳಿಯುತ್ತದೆ. ಕೊನೆಯಲ್ಲಿ f² ಛೇದದಲ್ಲಿ ಕೂತಿರುವುದರಿಂದ ಎರಡನೆಯದು ಫೀಡು ಇಳಿದಂತೆ ಏರುತ್ತದೆ. ಎರಡರ ಮೊತ್ತ ಅತಿ ಕಡಿಮೆಯಾಗುವ ತಗ್ಗು f = √(2rh) ಎಂಬಲ್ಲಿದೆ. ಹರಿತ ಅಂಚಿನ 0.8ರ ಮೂಗಿಗೆ h ಒಂದು ಮೈಕ್ರಾನ್ ಎಂದುಕೊಂಡರೆ ಆ ಜಾಗ 0.04 ಮಿಲಿಮೀಟರ್ ಫೀಡು. ಅಲ್ಲಿ ಹಳೆಯ ಸೂತ್ರ 0.25 ಮೈಕ್ರಾನ್ ಎನ್ನುತ್ತದೆ, ಬ್ರಾಮರ್ಟ್ಸ್ 1 ಮೈಕ್ರಾನ್ ಎನ್ನುತ್ತಾರೆ. ಅದಕ್ಕಿಂತ ಕಡಿಮೆ ಒರಟು ಆ ಟೂಲಿನಿಂದ ಬರುವುದಿಲ್ಲ.

ಇದಕ್ಕೆ ಎದುರಾಗುವ ನ್ಯಾಯವಾದ ಆಕ್ಷೇಪವೆಂದರೆ h ಎಂಬುದನ್ನು ಯಾರೂ ಮುಂಚಿತವಾಗಿ ಅಳೆದು ಕೊಡುವುದಿಲ್ಲ. ಅಂಚಿನ ಹರಿತ, ಲೋಹದ ಗುಣ, ವೇಗ ಎಲ್ಲ ಅದರಲ್ಲಿ ಬೆರೆತಿವೆ, ಟೂಲ್ ಸವೆದಂತೆ ಅದೂ ಬದಲಾಗುತ್ತದೆ. ಅಳತೆಗೆ ಹೊಂದುವಂತೆ ಹಿಂದಿನಿಂದ ಕೂಡಿಸಿದ ಅಂಕಿ ಅದು ಎಂದರೆ ಪೂರ್ತಿ ಅಲ್ಲಗಳೆಯಲಾಗದು. ಆದರೆ ಸೂತ್ರದ ಬೆಲೆ ಅದರ ಅಂಕಿಯಲ್ಲಿ ಇಲ್ಲ, ಗೆರೆಯ ಆಕಾರದಲ್ಲಿದೆ. ಒರಟು ಇಳಿದು ಮತ್ತೆ ಏರುತ್ತದೆ ಎಂದು ಗೊತ್ತಿದ್ದವನು h ತಿಳಿಯದೆಯೂ ಮೂರು ಫೀಡುಗಳಲ್ಲಿ ಒಂದೊಂದು ಬೆರಳಗಲ ಎಳೆದು ಅಳೆದು ತಗ್ಗು ಎಲ್ಲಿದೆ ಎಂದು ಹುಡುಕುತ್ತಾನೆ. ಗೊತ್ತಿಲ್ಲದವನು ಇಳಿಸುತ್ತಲೇ ಹೋಗುತ್ತಾನೆ. ಪ್ರೊಫೈಲ್ ಗೀಟೇ ಇನ್ನೊಂದು ಸಾಕ್ಷಿ: ಏಣುಗಳು ಫೀಡಿನಷ್ಟೇ ಅಂತರದಲ್ಲಿ ಒಪ್ಪವಾಗಿ ಬಂದಿದ್ದರೆ ಆಳುತ್ತಿರುವುದು ಜ್ಯಾಮಿತಿ, ಆಗ ಫೀಡು ಇಳಿಸುವುದು ಸರಿ. ಗೀಟು ಚದುರಿ, ಏಣಿನ ನೆತ್ತಿ ಹರಿದಂತೆ ಕಂಡರೆ ಕಾರಣ ಬೇರೆ ಇದೆ. ಮೆತ್ತನೆ ಉಕ್ಕನ್ನು ನಿಧಾನವಾಗಿ ಎಳೆದಾಗ ಅಂಚಿಗೆ ಲೋಹ ಮೆತ್ತಿಕೊಂಡು ಮೈ ಕಿತ್ತುಬರುವುದೂ ಆ ಸಾಲಿನದೇ. ಅದಕ್ಕೆ ಮದ್ದು ವೇಗ ಏರಿಸುವುದು, ಮತ್ತು ಸೂತ್ರದಲ್ಲಿ ವೇಗಕ್ಕೆ ಜಾಗವೇ ಇಲ್ಲ.

ಹಳೆಯ ಸೂತ್ರ ದಿನನಿತ್ಯ ಕೆಲಸ ಮಾಡುತ್ತಿದೆಯಲ್ಲ ಎಂಬ ಮಾತೂ ಸುಳ್ಳಲ್ಲ. ಅದೇ ಟೂಲಿನಲ್ಲಿ 0.2 ಫೀಡಿಗೆ ಬ್ರಾಮರ್ಟ್ಸ್ ಸೇರಿಸುವುದು ಅರ್ಧ ಮೈಕ್ರಾನ್ ಮಾತ್ರ, ಆರೂಕಾಲರ ಮುಂದೆ ಅದನ್ನು ಯಾರೂ ಕೇಳುವುದಿಲ್ಲ. ಸಾಧಾರಣ ಕೆಲಸದ ಬಹುಪಾಲು ಈ ನಡುವಿನ ಪಟ್ಟಿಯಲ್ಲೇ ನಡೆಯುತ್ತದೆ. ಫಿನಿಶ್ ಬಿಗಿಯಾಗಿ ಕೇಳಿದಾಗಲೇ ಆ ಪಟ್ಟಿಯಿಂದ ಹೊರಬೀಳುತ್ತೇವೆ. ಫೀಡು 0.08 ಇದ್ದಾಗ ಮೇಲಿನ ಲೆಕ್ಕ 1.56 ಮೈಕ್ರಾನ್ ಕೊಡುತ್ತದೆ. ಸಾಲದೆಂದು 0.02ಕ್ಕೆ ಇಳಿಸಿ, ನಾಲ್ಕು ಪಟ್ಟು ಹೊತ್ತು ಯಂತ್ರ ಓಡಿಸಿ ಅಳೆದರೆ ಬರುವುದೂ 1.56 ಮೈಕ್ರಾನೇ.