ಪಾಡ್ಯದ ಬೆಳಿಗ್ಗೆ ಬೀದಿಯಲ್ಲಿ ಉಳಿಯುವ ಮದ್ದು

ಬಲಿಪಾಡ್ಯಮಿಯ ಬೆಳಿಗ್ಗೆ ಬೆಂಗಳೂರಿನ ಯಾವ ಅಡ್ಡರಸ್ತೆಗೆ ಹೋದರೂ ಕೆಂಪು ಕಾಗದದ ಚೂರು ಹಾಸಿಕೊಂಡಿರುತ್ತದೆ. ಅದನ್ನು ಗುಡಿಸಿ ಮೂಲೆಗೆ ತಳ್ಳಿ ಕಡ್ಡಿ ಗೀರುವವರಿದ್ದಾರೆ, ಪೈಪು ಹಿಡಿದು ಚರಂಡಿಗೆ ನೂಕುವವರೂ ಇದ್ದಾರೆ. ಎರಡರ ಹಿಂದೆಯೂ ಇರುವುದು ಒಂದೇ ನಂಬಿಕೆ: ಮದ್ದು ಉರಿದುಹೋಯಿತು, ಉಳಿದದ್ದು ಬರೀ ಕಾಗದ. ಆದರೆ ಮದ್ದು ಪೂರ್ತಿ ಉರಿದಿರುವುದಿಲ್ಲ.

ಪಟಾಕಿಯ ಕಪ್ಪು ಮದ್ದಿನ ಹಳೆಯ ಪಾಕದಲ್ಲಿ ನೂರಕ್ಕೆ 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಪೆಟ್ಲುಪ್ಪು ಎಂದರೆ ಪೊಟ್ಯಾಸಿಯಂ ನೈಟ್ರೇಟ್. ದೊಡ್ಡ ಸದ್ದು, ಬಿಳಿ ಬೆಳಕು ಬೇಕಾದಾಗ ಇದ್ದಿಲಿನ ಜಾಗಕ್ಕೆ ಅಲ್ಯೂಮಿನಿಯಂ ಪುಡಿ ಬರುತ್ತದೆ. ಬಣ್ಣಕ್ಕೆ ಬೇರೆ ಬೇರೆ ಲೋಹಗಳ ಲವಣ: ಕೆಂಪಿಗೆ ಸ್ಟ್ರಾನ್ಷಿಯಂ, ನೀಲಿಗೆ ತಾಮ್ರ, ಹಸಿರಿಗೆ ಬೇರಿಯಂ. ಮಕ್ಕಳ ಕೈಗೆ ಮೊದಲು ಕೊಡುವ ಸುರುಸುರುಬತ್ತಿಯ ಸಾಂಪ್ರದಾಯಿಕ ಲೇಪದಲ್ಲೂ ಬೇರಿಯಂ ನೈಟ್ರೇಟ್, ಅಲ್ಯೂಮಿನಿಯಂ ಮತ್ತು ಕಬ್ಬಿಣದ ಪುಡಿಗಳೇ ಇರುತ್ತಿದ್ದವು.

ಇವುಗಳಲ್ಲಿ ಬೇರಿಯಂ ಕಥೆ ಸ್ವಲ್ಪ ವಿಚಿತ್ರ. ಉರಿಯುವಾಗ ಅದರ ಒಂದು ಭಾಗ ಗಂಧಕದೊಂದಿಗೆ ಸೇರಿ ಬೇರಿಯಂ ಸಲ್ಫೇಟ್ ಆಗಬಹುದು. ಅದು ನೀರಿನಲ್ಲಿ ಕರಗುವುದಿಲ್ಲ. ಹೊಟ್ಟೆಯ ಎಕ್ಸ್‌ರೇ ತೆಗೆಯುವಾಗ ಆಸ್ಪತ್ರೆಯಲ್ಲಿ ಕುಡಿಸುವ ಬಿಳಿ ದ್ರವ ಅದೇ. ಉರಿಯದೆ ಉಳಿದ ಬೇರಿಯಂ ನೈಟ್ರೇಟ್ ಮಾತ್ರ ಸುಲಭವಾಗಿ ಕರಗುತ್ತದೆ, ಮತ್ತು ವಿಷ. ಹೊಟ್ಟೆಗೆ ಹೋದರೆ ವಾಂತಿ, ಭೇದಿ, ರಕ್ತದ ಪೊಟ್ಯಾಸಿಯಂ ಕುಸಿದು ಸ್ನಾಯುಗಳ ಸೋಲು. ಹಾಗಾಗಿ ಕಸದಲ್ಲಿ ಬೂದಿಗಿಂತ ಕೆಟ್ಟದ್ದು ಅರ್ಧ ಸುಟ್ಟ ಹೂಕುಂಡ, ತುದಿಯಲ್ಲಿ ಲೇಪ ಉಳಿದ ಕಡ್ಡಿ, ಠುಸ್ಸೆಂದ ಪಟಾಕಿ.

ಆದ್ದರಿಂದ ಗುಡಿಸುವ ಮೊದಲು ಹೆಕ್ಕಬೇಕು. ಸಾವಿರದ ಸರಪಟಾಕಿ ಹೊಡೆದ ಜಾಗವನ್ನೇ ನೋಡಿ. ಮಧ್ಯದಲ್ಲಿ ಒಂದು ಸಿಡಿದ ರಭಸಕ್ಕೆ ಪಕ್ಕದವು ಬತ್ತಿಯಿಂದ ಕಿತ್ತು ದೂರ ಹಾರುತ್ತವೆ, ಚೂರುಗಳ ಕೆಳಗೆ ಇಡಿಯಾಗಿ ಬಿದ್ದಿರುತ್ತವೆ. ಮಕ್ಕಳು ಬೆಳಿಗ್ಗೆ ಎದ್ದು ಹುಡುಕುವುದು ಅವನ್ನೇ. ಸೀಳಿ, ಮದ್ದನ್ನು ಕಾಗದದ ಮೇಲೆ ಸುರಿದು, ಬಗ್ಗಿ ಕಡ್ಡಿ ತಾಗಿಸುವ ಆಟ ನಮ್ಮಲ್ಲಿ ಹಲವರಿಗೆ ಗೊತ್ತು. ಸಡಿಲ ಮದ್ದು ಸಿಡಿಯುವುದಿಲ್ಲ, ಭಗ್ಗೆಂದು ಏಳುತ್ತದೆ. ಏಳುವುದು ನೇರ ಮುಖಕ್ಕೆ. ಕಸದ ರಾಶಿಗೆ ಬೆಂಕಿ ಇಡುವ ಪೌರಕಾರ್ಮಿಕರಿಗೂ ಎದುರಾಗುವುದು ಇದೇ ಅಪಾಯ.

ಹೊತ್ತಿಸಿದ ಪಟಾಕಿ ಸಿಡಿಯದಿದ್ದರೆ ಅರ್ಧ ಗಂಟೆ ಅದರ ಹತ್ತಿರ ಹೋಗಬಾರದು, ಮತ್ತೆ ಹೊತ್ತಿಸಲೂಬಾರದು. ಆಮೇಲೆ ದೂರದಿಂದ ಚೆನ್ನಾಗಿ ನೀರು ಸುರಿದು, ಉದ್ದ ಹಿಡಿಯ ಮೊರದಲ್ಲಿ ಎತ್ತಿ, ನೀರು ತುಂಬಿದ ಬಕೆಟ್ಟಿಗೆ ಹಾಕಬೇಕು. ಒಂದು ರಾತ್ರಿ ಪೂರ್ತಿ ಮುಳುಗಿರಲಿ. ಇಲ್ಲಿ ಹೆಚ್ಚಿನವರು ಎಡವುವುದು ನೀರಿನ ಪ್ರಮಾಣದಲ್ಲಿ. ಅಲ್ಯೂಮಿನಿಯಂ ಪುಡಿ ಮತ್ತು ನೈಟ್ರೇಟ್ ಸೇರಿದ ಮದ್ದು ಬರೀ ತೇವವಾದರೆ ಒಳಗೊಳಗೇ ರಾಸಾಯನಿಕ ಕ್ರಿಯೆ ನಡೆದು ಬಿಸಿಯೇರಬಹುದು, ಅಮೋನಿಯಾದ ಘಾಟು ಬರಬಹುದು. ಒದ್ದೆ ಪಟಾಕಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಗಂಟು ಹಾಕಿ ಮೆಟ್ಟಿಲ ಕೆಳಗಿಡುವುದಕ್ಕಿಂತ ಮುಟ್ಟದೆ ಬಿಡುವುದೇ ಮೇಲು. ನೀರು ಹಾಕುವುದಾದರೆ ಬಿಸಿಯನ್ನು ಹೀರಿಕೊಳ್ಳುವಷ್ಟು ಧಾರಾಳವಾಗಿ ಹಾಕಬೇಕು. ಸುರುಸುರುಬತ್ತಿಯ ತಂತಿಯೂ ಅಷ್ಟೆ: ಕಿಡಿ ನಿಂತ ಮೇಲೂ ಕಾಲು ಸುಡುವಷ್ಟು ಕಾದಿರುತ್ತದೆ. ಪಕ್ಕದಲ್ಲೇ ಮರಳಿನ ಅಥವಾ ನೀರಿನ ಬಕೆಟ್ ಇರಲಿ, ಮುಗಿದದ್ದು ನೇರ ಅದಕ್ಕೆ ಬೀಳಲಿ.

ನೆನೆಸಿದ ನೀರಿನಲ್ಲಿ ಪೆಟ್ಲುಪ್ಪು ಕರಗಿರುತ್ತದೆ, ಬೇರಿಯಂ ಇದ್ದರೆ ಅದೂ. ಒಂದು ಹಿಡಿ ಪಟಿಕದ ಪುಡಿಯನ್ನೋ ಔಷಧಿ ಅಂಗಡಿಯ ಎಪ್ಸಮ್ ಉಪ್ಪನ್ನೋ ಕರಗಿಸಿದರೆ ಅದರಲ್ಲಿರುವ ಸಲ್ಫೇಟ್ ಬೇರಿಯಂ ಜೊತೆ ಸೇರಿ ಕರಗದ ಬಿಳಿ ಪುಡಿಯಾಗುತ್ತದೆ, ತಳಕ್ಕೆ ಇಳಿಯುತ್ತದೆ. ನೈಟ್ರೇಟ್ ಇದಕ್ಕೆ ಜಗ್ಗುವುದಿಲ್ಲ. ಆ ನೀರು ಬಾವಿಯ ಬುಡಕ್ಕೂ ಮಳೆನೀರಿನ ಇಂಗುಗುಂಡಿಗೂ ದನದ ಬಾನಿಗೂ ಹೋಗಬಾರದು.

ದನದ ಮಾತನ್ನು ಸುಮ್ಮನೆ ತೆಗೆಯಲಿಲ್ಲ. ಮನುಷ್ಯನಿಗಿಂತ ದನಕ್ಕೆ ನೈಟ್ರೇಟ್ ಬೇಗ ವಿಷವಾಗುತ್ತದೆ. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಮಾಡುತ್ತವೆ. ನೈಟ್ರೈಟ್ ರಕ್ತ ಸೇರಿದರೆ ಆಮ್ಲಜನಕ ಹೊರುವ ಶಕ್ತಿಯೇ ಕುಗ್ಗುತ್ತದೆ. ಪೆಟ್ಲುಪ್ಪು ನಾಲಿಗೆಗೆ ಉಪ್ಪುಪ್ಪು, ದನಗಳಿಗೆ ಉಪ್ಪೆಂದರೆ ಇಷ್ಟ. ಗೋಪೂಜೆಯ ದಿನವೇ ಬೀದಿ ತುಂಬ ಈ ಕಾಗದ ಬಿದ್ದಿರುವುದು ಯಾರೂ ಯೋಜಿಸಿದ ಕ್ರೂರ ತಮಾಷೆಯಲ್ಲ, ಆದರೂ ತಮಾಷೆ ಕ್ರೂರವೇ.

ಇಡಿಯಾದವನ್ನು ಹೆಕ್ಕಿಯಾದ ಮೇಲೆ ಉಳಿದ ಚೂರಿನ ಕೆಲಸ ಸುಲಭ. ರಂಗೋಲಿಗೆ ಮುಂಚೆ ಅಂಗಳಕ್ಕೆ ಚಿಮುಕಿಸುವಷ್ಟೇ ನೀರು ಚಿಮುಕಿಸಿ, ಮೂಗಿಗೆ ಬಟ್ಟೆ ಕಟ್ಟಿ ಗುಡಿಸಿದರೆ ಲೋಹದ ಸಣ್ಣ ಧೂಳು ಏಳುವುದಿಲ್ಲ. ಮಳೆಗೆ ಮುಂಚೆ ಮುಗಿಸಬೇಕು ಅಷ್ಟೆ, ಹಿಂಗಾರು ಮಳೆಯ ಕಾಲದಲ್ಲೇ ಬರುವ ಹಬ್ಬವಿದು, ಬೆಂಗಳೂರಿನ ರಾಜಕಾಲುವೆಗಳು ಕೆರೆಗಳಿಗೇ ಸೇರುತ್ತವೆ. ಅಮೆರಿಕದ ಓಕ್ಲಹೋಮಾದ ಏಡಾ ಪಟ್ಟಣದಲ್ಲಿ ಬಾಣಬಿರುಸಿನ ಪ್ರದರ್ಶನಗಳ ಮೊದಲೂ ನಂತರವೂ ಕೆರೆಯ ನೀರು ಅಳೆದರು. 2007ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಥೈರಾಯ್ಡ್ ಗ್ರಂಥಿಯ ಕೆಲಸಕ್ಕೆ ಅಡ್ಡಿಯಾಗುವ ಪರ್‌ಕ್ಲೋರೇಟ್ ಹದಿನಾಲ್ಕು ಗಂಟೆಯೊಳಗೆ ನೂರಾರು ಪಟ್ಟು ಏರಿದ್ದೂ ಉಂಟು. ಹಿಂದಿನ ಮಟ್ಟಕ್ಕೆ ಇಳಿಯಲು 20ರಿಂದ 80 ದಿನ ಬೇಕಾಯಿತು. ನಮ್ಮ ಪಟಾಕಿಗಳಲ್ಲಿ ಹೆಚ್ಚಾಗಿ ಬಳಕೆಯಾಗುವುದು ನೈಟ್ರೇಟ್, ಹಾಗಾಗಿ ಆ ಅಂಕಿ ನಮ್ಮ ಕೆರೆಗೆ ಹೊಂದದು. ಕರಗಿದ ಲವಣ ಎಷ್ಟು ಬೇಗ ನೀರು ಸೇರುತ್ತದೆ ಎಂಬುದು ಮಾತ್ರ ಅದರಿಂದ ತಿಳಿಯುತ್ತದೆ.

ಗುಡಿಸಿದ್ದನ್ನು ಯಾವ ಬುಟ್ಟಿಗೆ ಹಾಕಬೇಕು? 2016ರ ಘನತ್ಯಾಜ್ಯ ನಿಯಮ ಮನೆಯ ಅಪಾಯಕಾರಿ ಕಸಕ್ಕೆ ಬಣ್ಣದ ಡಬ್ಬಿ, ಕೀಟನಾಶಕದ ಡಬ್ಬಿ, ಬ್ಯಾಟರಿ, ಸೂಜಿಗಳನ್ನು ಹೆಸರಿಸಿತು. ಪಟಾಕಿಯ ಹೆಸರು ಅಲ್ಲಿರಲಿಲ್ಲ. ಹಸಿ ಕಸಕ್ಕೆ ಹಾಕಿದರೆ ಗೊಬ್ಬರ ಹಾಳು, ಒಣ ಕಸಕ್ಕೆ ಹಾಕಿದರೆ ಮಸಿ ಹತ್ತಿದ ಕಾಗದ ಯಾವ ಗುಜರಿಗೂ ಬೇಡ. ಬೇರೆ ಚೀಲದಲ್ಲಿ ಕಟ್ಟಿ, ಮೇಲೆ ದಪ್ಪಕ್ಷರದಲ್ಲಿ ‘ಪಟಾಕಿ ಕಸ’ ಎಂದು ಬರೆದು, ಗಾಡಿಯವರಿಗೆ ಬಾಯಲ್ಲೂ ಹೇಳಿ ಕೊಡುವುದೇ ಈಗಿರುವ ದಾರಿ. ತಂತಿಗಳನ್ನು ಮಾತ್ರ ತೊಳೆದು ಕಬ್ಬಿಣಕ್ಕೆ ಸೇರಿಸಬಹುದು.

ಇನ್ನು ಬದಲಿ. ಸುಪ್ರೀಂ ಕೋರ್ಟ್ 23 ಅಕ್ಟೋಬರ್ 2018ರಂದು ಬೇರಿಯಂ ಲವಣಗಳನ್ನೂ ಸರಪಟಾಕಿಯನ್ನೂ ನಿಷೇಧಿಸಿತು. ಸರಪಟಾಕಿಗೆ ಕೊಟ್ಟ ಕಾರಣಗಳಲ್ಲಿ ಹೊಗೆ, ಸದ್ದಿನ ಜೊತೆಗೆ ಕಸವೂ ಒಂದು. ಆಮೇಲೆ ಬಂದ ಹಸಿರು ಪಟಾಕಿ ರೂಪಿಸಿದ್ದು ನಾಗಪುರದ ನೀರಿ ಸಂಸ್ಥೆ. ಹೊಗೆಯ ಕಣ ಸುಮಾರು ಶೇ. 30 ಕಡಿಮೆ ಎಂಬುದು ಅದರ ಗುರಿ, ಉಳಿದ ಎಪ್ಪತ್ತು ಹಾಗೆಯೇ ಇದೆ, ಕಾಗದವೂ ಇದೆ. ಕೊಳ್ಳುವಾಗ ಪೊಟ್ಟಣದ ಮೇಲೆ ಹಸಿರು ಪಟಾಕಿಯ ಗುರುತೂ ಕ್ಯೂಆರ್ ಕೋಡೂ ಇವೆಯೇ ನೋಡಿ. ಹೊತ್ತಿಸಿದಾಗ ಗಾಢ ಹಸಿರು ಬೆಳಕು ಬಂದರೆ ಬಹುಮಟ್ಟಿಗೆ ಅದು ಬೇರಿಯಂ. ಆ ಅಂಗಡಿಯ ಮಾಲನ್ನು ಅನುಮಾನಿಸಬೇಕು. ಸದ್ದಿಲ್ಲದ ಹಾವಿನ ಗುಳಿಗೆ ಮಕ್ಕಳಿಗೆ ಸುರಕ್ಷಿತ ಎಂಬುದೂ ತಪ್ಪು, ಸಣ್ಣ ಕಣಗಳ ಹೊಗೆ ಉಗುಳುವುದರಲ್ಲಿ ಅದು ಪಟಾಕಿಗಳ ಮುಂಚೂಣಿಯಲ್ಲಿದೆ.

ಬೆಳಕೇ ಬೇಕೆನ್ನುವವರಿಗೆ ಕರಾವಳಿಯ ಗೂಡುದೀಪ, ಉತ್ತರ ಕರ್ನಾಟಕದ ಆಕಾಶಬುಟ್ಟಿ ಇವೆ. ಮಲೆನಾಡಿನಲ್ಲಿ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು ಹಾಡುತ್ತಾ ಮನೆಮನೆಗೆ ಬರುತ್ತಾರೆ. ಪಟಾಕಿ ಇಲ್ಲದೆ ಮಕ್ಕಳು ಕೇಳುವುದಿಲ್ಲ ಎನ್ನುವ ಬೀದಿಗೆ ನನ್ನ ಸಲಹೆ ಬೇರೆ. ಮನೆಗೊಂದರಂತೆ ಗೇಟಿನ ಮುಂದೆ ಹೊಡೆಯುವ ಬದಲು ಎಲ್ಲರೂ ಒಂದೇ ಸಿಮೆಂಟು ನೆಲದಲ್ಲಿ, ರಾತ್ರಿ ಎಂಟರಿಂದ ಹತ್ತರೊಳಗೆ ಹೊಡೆಯಲಿ. ಸಿಮೆಂಟಿನ ಮೇಲೆ ಬಿದ್ದದ್ದು ಮಣ್ಣಿಗೆ ಇಂಗುವುದಿಲ್ಲ, ಠುಸ್ ಪಟಾಕಿ ಕಣ್ಣಿಗೆ ಬೀಳುತ್ತದೆ, ಎರಡು ಬಕೆಟ್ ಇಡೀ ಬೀದಿಗೆ ಸಾಕಾಗುತ್ತದೆ, ಮತ್ತು ಮಲಗುವ ಮುಂಚೆ ಗುಡಿಸಿ ಮುಗಿಸಲು ಹತ್ತು ಕೈಗಳು ಅಲ್ಲೇ ಇರುತ್ತವೆ.