ಫಸಲಿಗೆ ಬಾರದ ಅಡಿಕೆ ತೋಟದ ಬೆಲೆ

ಅಡಿಕೆ ಸಸಿ ನೆಟ್ಟು ಸುಮಾರು ಐದು ವರ್ಷ ಗೊಬ್ಬರ, ನೀರು, ಕೂಲಿಗೆ ಖರ್ಚೇ ಹೊರತು ಆದಾಯವಿಲ್ಲ. ಎಳೆ ತೋಟದ ಬೆಲೆ ಕಟ್ಟುವಾಗ ಈ ಕಾಯುವಿಕೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಉದಾಹರಣೆಗೆ, ಎಕರೆಗೆ ಆರನೇ ವರ್ಷದಿಂದ 30 ವರ್ಷ ತಲಾ 2 ಲಕ್ಷ ರೂಪಾಯಿ ನಿವ್ವಳ ಆದಾಯ, ಬಡ್ಡಿ ದರ ಶೇ. 10 ಎನ್ನೋಣ. ಐದನೇ ವರ್ಷದ ಕೊನೆಗೆ ಆ ಆದಾಯದ ಮೌಲ್ಯ 18.85 ಲಕ್ಷ. ಹಲವರು ಇಲ್ಲೇ ನಿಂತು ಮೋಸ ಹೋಗುತ್ತಾರೆ. ಅದನ್ನು 1.1ರ ಐದನೇ ಘಾತದಿಂದ, ಅಂದರೆ 1.61ರಿಂದ ಭಾಗಿಸಿದರೆ ಇಂದಿನ ಮೌಲ್ಯ 11.71 ಲಕ್ಷ. ವರ್ಷಕ್ಕೆ 60,000ದಂತೆ ಐದು ವರ್ಷದ ಖರ್ಚಿನ ಇಂದಿನ ಮೌಲ್ಯ 2.27 ಲಕ್ಷ ಕಳೆದರೆ ಉಳಿಯುವುದು ಸುಮಾರು 9.43 ಲಕ್ಷ.

ಫಸಲು ಒಂದು ವರ್ಷ ತಡವಾದರೆ ಇದು 8.03 ಲಕ್ಷಕ್ಕೆ ಇಳಿಯುತ್ತದೆ. ಮೊದಲ ಕೊಯ್ಲುಗಳು ಪೂರ್ಣ ಇಳುವರಿ ಕೊಡುವುದೂ ಇಲ್ಲ. ಆ ವರ್ಷಗಳಿಗೆ ಕಡಿಮೆ ಆದಾಯವನ್ನೇ ಹಿಡಿಯಬೇಕು.