ಹರಿಹರದ ಸೋಪು, ದಾವಣಗೆರೆಯ ಶೋಕೇಸು

ದಾವಣಗೆರೆಯ ಮಂಡಿಪೇಟೆ ಕಂಡವರಿಗೆ ಈ ವ್ಯವಹಾರ ಹೊಸದಲ್ಲ. ಮಂಡಿಗೆ ತಂದು ಹಾಕಿದ ಮಾಲು ಮಾರಾಟವಾಗುವವರೆಗೂ ತಂದವನದೇ. ಮಂಡಿಯವರು ಮಾರಿಕೊಟ್ಟು ಕಮಿಷನ್ ಮುರಿದುಕೊಳ್ಳುತ್ತಾರೆ. ಮನೆಯಲ್ಲಿ ಮಾಡಿದ ಸೋಪನ್ನು ಬುಟಿಕ್‌ನಲ್ಲಿ ‘ಕನ್‌ಸೈನ್‌ಮೆಂಟ್’ ಮೇಲೆ ಇಡುವುದೂ ಇದೇ ಲೆಕ್ಕ. ಒಂದೇ ವ್ಯತ್ಯಾಸವೆಂದರೆ ಸೋಪು ತಿಂಗಳುಗಟ್ಟಲೆ ಶೋಕೇಸಿನಲ್ಲಿ ಕೂರುತ್ತದೆ. ತಕರಾರು ಹುಟ್ಟುವುದೂ ಅಲ್ಲಿಯೇ.

ಹರಿಹರದ ಮಹಿಳೆಯೊಬ್ಬರು ದಾವಣಗೆರೆಯ ಬುಟಿಕ್‌ಗೆ 40 ಸೋಪು ಕೊಟ್ಟರು ಎಂದಿಟ್ಟುಕೊಳ್ಳಿ. ಎಂಆರ್‌ಪಿ 150 ರೂಪಾಯಿ, ಅದರ ಮೇಲೆ ಅಂಗಡಿಯ ಕಮಿಷನ್ ಶೇ 30. ಎಂಆರ್‌ಪಿ ದಾಟಿ ಮಾರುವಂತಿಲ್ಲವಾದ್ದರಿಂದ ಕಮಿಷನ್ ಅದರೊಳಗೇ ಹೊಂದಬೇಕು: ಅಂಗಡಿಗೆ 45, ಅವರಿಗೆ 105. ಎಣ್ಣೆ, ಕಾಸ್ಟಿಕ್, ಪರಿಮಳ, ಹೊದಿಕೆ ಸೇರಿ ಒಂದಕ್ಕೆ 60 ರೂಪಾಯಿ ಖರ್ಚು.

ತಿಂಗಳ ಕೊನೆಗೆ ಎಣಿಸಿದರೆ 25 ಮಾರಾಟವಾಗಿವೆ, 10 ಉಳಿದಿವೆ. ಒಂದು ಗಿರಾಕಿಗಳು ಮೂಸಿ ನೋಡಲು ಬಿಚ್ಚಿದ್ದು, ಎರಡರ ಮೇಲೆ ಕಿತ್ತಳೆ ಚುಕ್ಕೆ, ಇನ್ನೆರಡು ಪತ್ತೆಯಿಲ್ಲ. ಕೈಗೆ ಬರುವುದು 2,625; ಹಾಕಿದ ದುಡ್ಡು 2,400. ಮಿಕ್ಕಿದ್ದು 225. ಕಾಣೆಯಾದ ಎರಡರ ಬೆಲೆಯೇ 210! ಅದನ್ನು ಯಾರು ಕೊಡಬೇಕು? 1872ರ ಕರಾರು ಕಾಯ್ದೆಯ ಪ್ರಕಾರ, ಬೇರೆ ಮಾತಾಗಿರದಿದ್ದರೆ, ವಶಕ್ಕೆ ಪಡೆದ ಮಾಲನ್ನು ತಕ್ಕ ಎಚ್ಚರಿಕೆಯಿಂದ ನೋಡಿಕೊಂಡವನು ನಷ್ಟಕ್ಕೆ ಹೊಣೆಯಲ್ಲ. ಆದ್ದರಿಂದ ‘ಕಳೆದದ್ದಕ್ಕೆ ಅಂಗಡಿ 105 ರೂಪಾಯಿ ಕೊಡಬೇಕು’ ಎಂಬ ಸಾಲು ಬರವಣಿಗೆಯಲ್ಲಿಯೇ ಇರಬೇಕು.

ಚುಕ್ಕೆಯ ವಿಚಾರ ಬೇರೆ. ಎಣ್ಣೆ ಕಮಟಿದಾಗ ಕಿತ್ತಳೆ ಚುಕ್ಕೆ ಬೀಳುತ್ತದೆ, ಹಳೆ ಎಣ್ಣೆಯ ವಾಸನೆ ಹೊಡೆಯುತ್ತದೆ. ಹಳೆಯ ಎಣ್ಣೆ ಬಳಸಿದ್ದರೆ ತಪ್ಪು ಸೋಪು ಮಾಡಿದವರದು; ಬಿಸಿಲು ಬೀಳುವ ಗಾಜಿನ ಹಿಂದೆ ಇಟ್ಟಿದ್ದರೆ ಅಂಗಡಿಯದು. ಮಳೆಗಾಲದಲ್ಲಿ ಸೋಪಿನ ಮೈಮೇಲೆ ಕಾಣುವ ನೀರಹನಿಗಳು ಮಾತ್ರ ಕೆಡುಕಲ್ಲ. ಗ್ಲಿಸರಿನ್ ಗಾಳಿಯ ತೇವ ಹೀರಿದ್ದು ಅಷ್ಟೇ. ಅದಕ್ಕಾಗಿ ವಾಪಸು ಕಳಿಸಬೇಕಿಲ್ಲ. ತೂಕದ್ದು ಇನ್ನೊಂದು ಎಚ್ಚರಿಕೆ. ಹಸಿ ಸೋಪು ನಾಲ್ಕರಿಂದ ಆರು ವಾರ ಒಣಗಬೇಕು. ಅದಕ್ಕೆ ಮೊದಲೇ ತೂಗಿ 100 ಗ್ರಾಂ ಎಂದು ಚೀಟಿ ಅಂಟಿಸಿದರೆ, ಶೋಕೇಸಿನಲ್ಲಿ ನೀರಾರಿ ತೂಕ ಕಡಿಮೆ ಬರುತ್ತದೆ.

ಕೊನೆಯದು ಹಬ್ಬದ ರಿಯಾಯಿತಿ. ಶೇ 20 ಕಡಿತವಾದರೆ ಸೋಪು 120 ರೂಪಾಯಿಗೆ ಹೋಗುತ್ತದೆ. ಕಡಿತವನ್ನು ಅಂಗಡಿಯೇ ಹೊತ್ತರೆ ಸೋಪು ಮಾಡಿದವರಿಗೆ 105, ಮಾರಿದ ಬೆಲೆಯ ಮೇಲೆ ಕಮಿಷನ್ ಎಂದರೆ 84, ಎಂಆರ್‌ಪಿಯ ಮೇಲೆಯೇ ಕಮಿಷನ್ ಹಿಡಿದರೆ 75. ಕಮಿಷನ್ ಮೂರರಲ್ಲೂ ‘ಶೇ 30’ ಎಂದೇ ಮಾತು!

ಹಾಗಾಗಿ ಕಮಿಷನ್ನಿಗಿಂತ ಮೊದಲು ಕೇಳಬೇಕಾದ್ದು ಇವು: ಕಳೆದರೆ ಯಾರು, ಕೆಟ್ಟರೆ ಯಾರು, ರಿಯಾಯಿತಿ ಯಾರ ಪಾಲಿನದು, ಎಣಿಕೆ ಮತ್ತು ಹಣ ತಿಂಗಳ ಯಾವ ತಾರೀಖಿಗೆ. ಉತ್ತರಗಳನ್ನು ಮಾಲಿನ ಪಟ್ಟಿಯ ಕೆಳಗೇ ಬರೆದು ಇಬ್ಬರೂ ಸಹಿ ಹಾಕಿ, ಒಂದೊಂದು ಪ್ರತಿ ಇಟ್ಟುಕೊಳ್ಳಿ.